ಐವತ್ತೆರಡು ಮುಖ, ಹದಿಮೂರು ಪ್ರಶ್ನೆ

ಜನವರಿ, ಫೆಬ್ರುವರಿ ಬಂತೆಂದರೆ ತಾಲ್ಲೂಕು ಊರುಗಳ ಫೋಟೋ ಸ್ಟುಡಿಯೋಗಳಿಗೆ ಬಿಡುವಿರುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಬೀಳ್ಕೊಡುಗೆ, ಶಾಲೆಯ ಎಲ್ಲ ತರಗತಿಗಳ ಗ್ರೂಪ್ ಫೋಟೋ, ನಡುನಡುವೆ ಮದುವೆ ಮನೆಯ ಕುಟುಂಬದ ಫೋಟೋ. ಒಂದೇ ವಾರದಲ್ಲಿ ಹತ್ತಾರು ಗ್ರೂಪ್ ಫೋಟೋಗಳು ಎಡಿಟರ್ ಮೇಜಿಗೆ ಬಂದು ಬೀಳುತ್ತವೆ. ಪ್ರತಿಯೊಂದರಲ್ಲೂ ಒಬ್ಬನ ಕಣ್ಣು ಮುಚ್ಚಿರುತ್ತದೆ, ಇನ್ನೊಬ್ಬಳು ಪಕ್ಕದವಳ ಕಡೆ ತಿರುಗಿರುತ್ತಾಳೆ, ಮೇಷ್ಟ್ರು ಏನೋ ಹೇಳುತ್ತಿರುತ್ತಾರೆ. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫ್ರೇಮಿನಿಂದ ಅವರ ಒಳ್ಳೆಯ ತಲೆಯನ್ನು ತಂದು ಇಲ್ಲಿ ಕೂರಿಸಬೇಕು. ಸ್ಟುಡಿಯೋ ಭಾಷೆಯಲ್ಲಿ ಇದಕ್ಕೆ ತಲೆ ಬದಲಾಯಿಸುವುದು ಎನ್ನುತ್ತಾರೆ.

ಫೋಟೋಗ್ರಾಫರ್ ಜಾಗ್ರತೆಯಿಂದ ತೆಗೆದರೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನ ಸಂಸ್ಥೆಯ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಇದನ್ನು ಲೆಕ್ಕ ಹಾಕಿ ನೋಡಿದರು. 2006ರಲ್ಲಿ ಅವರಿಗೆ ಇಗ್ ನೊಬೆಲ್ ಗಣಿತ ಪ್ರಶಸ್ತಿ ಬಂದದ್ದು ಈ ಲೆಕ್ಕಕ್ಕೇ. ಫೋಟೋ ತೆಗೆಸಿಕೊಳ್ಳುವಾಗ ಒಬ್ಬರು ನಿಮಿಷಕ್ಕೆ ಸುಮಾರು 10 ಸಲ ಕಣ್ಣು ಮಿಟುಕಿಸುತ್ತಾರೆ, ಪ್ರತಿ ಸಲ ಸುಮಾರು ಕಾಲು ಸೆಕೆಂಡ್ ಕಣ್ಣು ಮುಚ್ಚಿರುತ್ತದೆ ಎಂಬುದು ಅವರ ಲೆಕ್ಕದ ಆಧಾರ. ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಾದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ ಅಷ್ಟು ಫೋಟೋ ತೆಗೆಯಿರಿ, ಬೆಳಕು ಕಡಿಮೆಯಿದ್ದರೆ ಎರಡರಿಂದ ಭಾಗಿಸಿ ಎಂದು ಅವರು ಸೂತ್ರ ಕೊಟ್ಟರು. ಐವತ್ತು ಜನರ ಗುಂಪಾದರೆ ಎಲ್ಲರ ಕಣ್ಣೂ ತೆರೆದಿರುವ ಒಂದು ಚಿತ್ರದ ಆಸೆಯನ್ನೇ ಬಿಡುವುದು ಒಳ್ಳೆಯದು ಎಂದರು. ಅದೇ ಅಂಕಿಗಳನ್ನು 52 ಜನರ ತರಗತಿಗೆ ಹಾಕಿದರೆ ಪ್ರತಿ ಫ್ರೇಮಿನಲ್ಲೂ ಸರಾಸರಿ ಇಬ್ಬರ ಕಣ್ಣು ಮುಚ್ಚಿರುತ್ತದೆ. ಎಲ್ಲರ ಕಣ್ಣೂ ತೆರೆದಿರುವುದು ಒಂಬತ್ತು ಫ್ರೇಮಿಗೆ ಒಂದರಲ್ಲಿ ಮಾತ್ರ. ತಿರುಗಿದವರು, ಮಾತಾಡಿದವರು, ತಲೆ ತಗ್ಗಿಸಿದವರು ಈ ಲೆಕ್ಕದಲ್ಲಿ ಸೇರಿಲ್ಲ. ಹಾಗಾಗಿ ದೊಡ್ಡ ಗುಂಪಿಗೆ ತಲೆ ಬದಲಾವಣೆ ತಪ್ಪುವುದಿಲ್ಲ.

ವಾರಕ್ಕೊಂದು ತಲೆ ಬದಲಿಸುವ ಎಡಿಟರ್ ತನ್ನ ಕಣ್ಣನ್ನು ನಂಬಬಹುದು. ವಾರಕ್ಕೆ ಅರವತ್ತು ಎಪ್ಪತ್ತು ತಲೆ ಬದಲಿಸುವಾಗ ಕಣ್ಣು ದಣಿಯುತ್ತದೆ. ಸೋಮವಾರ ಬೆಳಿಗ್ಗೆ ಎದ್ದು ಕಾಣುವ ತಪ್ಪು ಶನಿವಾರ ರಾತ್ರಿ ಕಾಣುವುದಿಲ್ಲ. ಒಬ್ಬ ಎಡಿಟರ್ ಗಮನಿಸುವುದನ್ನು ಇನ್ನೊಬ್ಬ ಗಮನಿಸುವುದಿಲ್ಲ. ಆದರೆ ಈ ಕೆಲಸದ ತಪ್ಪುಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಅವೇ ಏಳೆಂಟು ಮತ್ತೆ ಮತ್ತೆ ಬರುತ್ತವೆ, ಪ್ರತಿಯೊಂದೂ ಫೋಟೋದಲ್ಲಿ ಗೊತ್ತಾದ ಜಾಗದಲ್ಲಿ ಗುರುತು ಬಿಡುತ್ತದೆ. ಆ ಗುರುತುಗಳನ್ನು ಯಾವ ಹಂತದಲ್ಲಿ ಹುಡುಕಬೇಕು ಎಂದು ಬರೆದಿಟ್ಟುಕೊಂಡರೆ, ಅದೇ ಚೆಕ್‌ಲಿಸ್ಟ್.

ಎಲ್ಲಿ ನಿಲ್ಲಬೇಕು

ಹೆಚ್ಚಿನ ಸ್ಟುಡಿಯೋಗಳಲ್ಲಿ ಚೆಕ್‌ಲಿಸ್ಟ್ ಮಾಡಲು ಹೊರಟವರು ಕೆಲಸದ ಎಲ್ಲ ಹೆಜ್ಜೆಗಳನ್ನೂ ಬರೆಯುತ್ತಾರೆ. ಫೈಲ್ ತೆರೆಯಿರಿ, ಲೇಯರ್ ಮಾಡಿ, ಮಾಸ್ಕ್ ಹಾಕಿ ಎಂದು ನಲವತ್ತು ಸಾಲು ಆಗುತ್ತದೆ. ಅದು ಹೊಸಬರಿಗೆ ಪಾಠವಾದೀತು. ಕೆಲಸ ಬಲ್ಲವರು ಎರಡನೇ ದಿನಕ್ಕೆ ಅದನ್ನು ಓದುವುದು ಬಿಡುತ್ತಾರೆ. ಚೆಕ್‌ಲಿಸ್ಟ್ ಕೇಳಬೇಕಾದದ್ದು ಮಾಡಿದ ಕೆಲಸದ ಬಗ್ಗೆ, ಅದೂ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನು. "ಬಣ್ಣ ಚೆನ್ನಾಗಿದೆಯೇ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಕೆನ್ನೆಯ ಬಣ್ಣವೂ ಕುತ್ತಿಗೆಯ ಬಣ್ಣವೂ ಒಂದೇ ಇದೆಯೇ?" ಎಂದರೆ ಎಡಿಟರ್ ಕುತ್ತಿಗೆಯನ್ನು ನೋಡಲೇಬೇಕಾಗುತ್ತದೆ.

ಎರಡನೆಯ ವಿಷಯ, ಪಟ್ಟಿಯನ್ನು ಯಾವಾಗ ಕೈಗೆ ತೆಗೆದುಕೊಳ್ಳಬೇಕು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಹೊರತಂದ ಚೆಕ್‌ಲಿಸ್ಟಿನಲ್ಲಿ 19 ಅಂಶಗಳಿವೆ. ಅವುಗಳನ್ನು ಮೂರು ನಿಲುಗಡೆಗಳಲ್ಲಿ ಹಂಚಲಾಗಿದೆ: ಅರಿವಳಿಕೆ ಕೊಡುವ ಮುನ್ನ, ಚರ್ಮ ಕತ್ತರಿಸುವ ಮುನ್ನ, ರೋಗಿಯನ್ನು ಹೊರಗೆ ಕರೆದೊಯ್ಯುವ ಮುನ್ನ. ಮುಂದಿನ ಹೆಜ್ಜೆ ಇಟ್ಟರೆ ಹಿಂದಿನ ತಪ್ಪನ್ನು ಸರಿಪಡಿಸುವುದು ಕಷ್ಟವಾಗುತ್ತದೆ ಎನ್ನುವಲ್ಲೇ ಆ ನಿಲುಗಡೆಗಳಿವೆ. ತಲೆ ಬದಲಾವಣೆಗೂ ಅಂಥ ಮೂರು ಜಾಗಗಳಿವೆ. ಕೆಲಸ ಶುರು ಮಾಡುವ ಮುನ್ನ ಒಂದು, ಪ್ರತಿ ತಲೆ ಮುಗಿದ ಕೂಡಲೇ ಒಂದು, ಫೋಟೋ ಲ್ಯಾಬಿಗೆ ಹೋಗುವ ಮುನ್ನ ಒಂದು.

ಒಂದು ತರಗತಿಯ ಫೋಟೋವನ್ನೇ ಹಿಡಿದುಕೊಂಡು ಈ ಮೂರರಲ್ಲೂ ಹಾದುಹೋಗೋಣ. ಹತ್ತನೇ ತರಗತಿ, 48 ಮಕ್ಕಳು, 4 ಶಿಕ್ಷಕರು. ನೆಲದ ಮೇಲೆ 10, ಕುರ್ಚಿಯಲ್ಲಿ ಶಿಕ್ಷಕರೂ ಸೇರಿ 12, ಅವರ ಹಿಂದೆ ನಿಂತವರು 14, ಬೆಂಚಿನ ಮೇಲೆ 16. ಒಟ್ಟು 52 ತಲೆ. ಟ್ರೈಪಾಡ್ ಮೇಲಿಟ್ಟ ಕ್ಯಾಮೆರಾದಿಂದ ಎಂಟು ಫ್ರೇಮ್ ತೆಗೆದಿದ್ದಾರೆ, F1ರಿಂದ F8ರವರೆಗೆ.

ಫೈಲ್ ತೆರೆಯುವ ಮುನ್ನ

ಮೊದಲು ಮುಖ್ಯ ಫ್ರೇಮ್ ಆರಿಸಬೇಕು, ಅಂದರೆ ಉಳಿದ ತಲೆಗಳು ಬಂದು ಕೂರುವ ಫ್ರೇಮ್. ಮುಂದಿನ ಸಾಲಿನ ನಡುವೆ ಕುಳಿತ ಮುಖ್ಯೋಪಾಧ್ಯಾಯರ ನಗು ಎಲ್ಲಿ ಚೆನ್ನಾಗಿದೆಯೋ ಅದನ್ನೇ ಆರಿಸುವ ಅಭ್ಯಾಸ ಹಲವರಿಗಿದೆ. ತಲೆ ಬದಲಿಸುವುದು ಸುಲಭ, ಕೈ, ಭುಜ, ಸೀರೆಯ ನೆರಿಗೆ ಬದಲಿಸುವುದು ಕಷ್ಟ. ಆದ್ದರಿಂದ ಮೈಗಳು ನೆಟ್ಟಗಿರುವ, ಬದಲಿಸಬೇಕಾದ ತಲೆ ಕಡಿಮೆ ಇರುವ ಫ್ರೇಮೇ ಮುಖ್ಯ ಫ್ರೇಮ್. ನಮ್ಮ ಉದಾಹರಣೆಯಲ್ಲಿ ಅದು F4. ಅದರಲ್ಲಿ ಆರು ತಲೆ ಬದಲಿಸಬೇಕು.

ಆ ಆರನ್ನು ಪಟ್ಟಿ ಮಾಡಬೇಕು. ಹೆಸರಿನಿಂದ ಪಟ್ಟಿ ಮಾಡಿದರೆ ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸಾಲು ಮತ್ತು ಎಡದಿಂದ ಎಷ್ಟನೆಯವರು ಎಂಬ ಸಂಖ್ಯೆ ಸಾಕು. 4-11 ಎಂದರೆ ನಾಲ್ಕನೇ ಸಾಲು, ಎಡದಿಂದ ಹನ್ನೊಂದನೆಯ ಹುಡುಗ. ಅವನ ಕಣ್ಣು ಮುಚ್ಚಿದೆ, F5ರಲ್ಲಿ ಸರಿಯಿದೆ. 3-02 ಪಕ್ಕಕ್ಕೆ ತಿರುಗಿದ್ದಾಳೆ, F3ರಿಂದ ತರಬೇಕು. 2-05 ಶಿಕ್ಷಕರು ಮಾತಾಡುತ್ತಿದ್ದಾರೆ, F5. 3-13 ಕಣ್ಣು ಮುಚ್ಚಿದೆ, F5. 1-08 ತಲೆ ತಗ್ಗಿಸಿದ್ದಾನೆ, F6. ಆರನೆಯದು ಬೆಂಚಿನ ತುದಿಯಲ್ಲಿ ನಿಂತ 4-16, ಅವಳ ಕಣ್ಣೂ ಮುಚ್ಚಿದೆ. ಅವಳು ಚೆಂದವಾಗಿ ನಕ್ಕಿರುವುದು F1ರಲ್ಲಿ. ಆದರೆ ಆಗಿನ್ನೂ ಸಾಲು ಸರಿಯಾಗಿರಲಿಲ್ಲ, ಅವಳ ಭುಜ ಬೇರೆ ಕಡೆಗಿದೆ. F7ರಲ್ಲಿ ನಗುವಿಲ್ಲ, ಕಣ್ಣು ತೆರೆದಿದೆ, ನಿಂತ ಭಂಗಿ F4ರಂತೆಯೇ ಇದೆ. ಇಲ್ಲಿ F7 ಆರಿಸಬೇಕು. ನಗು ಚೆನ್ನಾಗಿರುವ ತಲೆಗಿಂತ ಕುತ್ತಿಗೆಗೆ ಹೊಂದುವ ತಲೆ ಮೇಲು. ಸಾಧ್ಯವಾದಷ್ಟೂ ಮುಖ್ಯ ಫ್ರೇಮಿನ ಹಿಂದಿನ ಅಥವಾ ಮುಂದಿನ ಫ್ರೇಮಿನಿಂದಲೇ ತಲೆ ತರಬೇಕು ಎಂಬ ನಿಯಮವೂ ಇದರಿಂದಲೇ ಬಂದದ್ದು.

ಈ ಹಂತದಲ್ಲಿ ಇನ್ನೊಂದು ಪ್ರಶ್ನೆ ತಪ್ಪದೆ ಕೇಳಬೇಕು: ನಡುವೆ ಯಾರಾದರೂ ಜಾಗ ಬದಲಿಸಿದರೇ? ನಮ್ಮ ಉದಾಹರಣೆಯಲ್ಲಿ F2 ಆದಮೇಲೆ ಎತ್ತರ ಸರಿಹೊಂದಲಿಲ್ಲವೆಂದು 3-06 ಮತ್ತು 3-07ರ ಮಕ್ಕಳನ್ನು ಅದಲುಬದಲು ಮಾಡಿದ್ದಾರೆ. ಇಬ್ಬರದೂ ಅದೇ ಸಮವಸ್ತ್ರ, ಅದೇ ಟೈ. ಇದು ಗೊತ್ತಿಲ್ಲದೆ ಎಡಿಟರ್ ಆ ಜಾಗಗಳಲ್ಲಿ ಒಂದಕ್ಕೆ F1ರಿಂದ ತಲೆ ತಂದರೆ ಒಂದು ಮಗುವಿನ ಮುಖ ಫೋಟೋದಲ್ಲಿ ಎರಡು ಕಡೆ ಬರುತ್ತದೆ, ಇನ್ನೊಂದು ಮಗು ಫೋಟೋದಲ್ಲೇ ಇಲ್ಲವಾಗುತ್ತದೆ. ಈ ಕೆಲಸದಲ್ಲಿ ಆಗಬಹುದಾದ ಅತಿ ದೊಡ್ಡ ತಪ್ಪು ಇದು, ಎಡಿಟಿಂಗ್ ಎಷ್ಟು ಅಚ್ಚುಕಟ್ಟಾಗಿದ್ದರೂ ಹೊರಬೀಳುತ್ತದೆ. ಫೋಟೋಗ್ರಾಫರ್ ಅಂದೇ ಬರೆದುಕೊಟ್ಟ ಒಂದು ಸಾಲು, "3-06, 3-07ಕ್ಕೆ F1, F2 ಬಳಸಬೇಡಿ" ಎನ್ನುವುದು, ಇದನ್ನು ತಡೆಯುತ್ತದೆ.

ಕೊನೆಯದಾಗಿ, ಬಳಸಲಿರುವ ಎಲ್ಲ ಫ್ರೇಮುಗಳಿಗೂ ಬೆಳಕು, ಬಣ್ಣದ ಸೆಟ್ಟಿಂಗ್ ಒಂದೇ ಇರಬೇಕು. ಒಂದೊಂದನ್ನೂ ಸಾಫ್ಟ್‌ವೇರ್ ತಾನಾಗಿಯೇ ಸರಿಪಡಿಸಲು ಬಿಟ್ಟರೆ ಒಂದೊಂದೂ ಬೇರೆ ಬಣ್ಣಕ್ಕೆ ಹೋಗುತ್ತದೆ. ಮುಂದೆ ಆರು ತಲೆಗಳಿಗೂ ಬೇರೆ ಬೇರೆಯಾಗಿ ಬಣ್ಣ ಹೊಂದಿಸುತ್ತ ಕೂರಬೇಕಾಗುತ್ತದೆ.

ಪ್ರತಿ ತಲೆ ಮುಗಿದಾಗ

ಫೋಟೋಶಾಪಿನಲ್ಲಿ ತಲೆ ಬದಲಾವಣೆ ನಡೆಯುವುದು ಲೇಯರ್ ಮತ್ತು ಮಾಸ್ಕಿನಿಂದ. ಲೇಯರ್ ಎಂದರೆ ಗಾಜಿನ ಹಾಳೆಗಳಂತೆ ಒಂದರ ಮೇಲೊಂದು ಇಟ್ಟ ಚಿತ್ರ. ಯಾವ ಲೇಯರಿನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವುದು ಮಾಸ್ಕ್. ಬಿಳಿ ಬಳಿದಲ್ಲಿ ಕಾಣುತ್ತದೆ, ಕಪ್ಪು ಬಳಿದಲ್ಲಿ ಮರೆಯಾಗುತ್ತದೆ. F4 ಅನ್ನು ಕೆಳಗಿಟ್ಟು ಲಾಕ್ ಮಾಡಿ, ಮೇಲೆ F5 ಇಟ್ಟು, ಎರಡನ್ನೂ ಆರಿಸಿ Auto-Align Layers ಕೊಟ್ಟರೆ ಲಾಕ್ ಆದ F4ಕ್ಕೆ ತಕ್ಕಂತೆ F5 ಸರಿದು ಕೂರುತ್ತದೆ. ಆಮೇಲೆ F5ಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿ, ಬೇಕಾದ ತಲೆಯ ಜಾಗದಲ್ಲಷ್ಟೇ ಬಿಳಿ ಬಳಿಯಬೇಕು. ಪ್ರತಿ ತಲೆಗೂ ಬೇರೆ ಲೇಯರ್, ಅದಕ್ಕೆ ತಲೆಪಟ್ಟಿಯದೇ ಹೆಸರು: `4-11_F5`, `1-08_F6`. ಯಾವ ತಲೆ ಎಲ್ಲಿಂದ ಬಂತು ಎನ್ನುವುದು ನಾಳೆ ಇನ್ನೊಬ್ಬ ಎಡಿಟರ್ ಫೈಲ್ ತೆರೆದರೂ ತಿಳಿಯಬೇಕು.

ಕ್ಯಾಮೆರಾ ಕದಲದಿದ್ದರೂ ಮಕ್ಕಳು ಒಂದಿಷ್ಟು ವಾಲಿರುತ್ತಾರೆ. ಹಾಗಾಗಿ ತಲೆಯನ್ನು ತುಸು ಸರಿಸಬೇಕಾಗುತ್ತದೆ. ಹೊಸಬರು ಹಳೆಯ ಕಣ್ಣಿನ ಮೇಲೆ ಹೊಸ ಕಣ್ಣನ್ನು ಕೂರಿಸಲು ನೋಡುತ್ತಾರೆ. ಕಣ್ಣು ಸರಿಯಾಗಿ ಕೂತು ಕುತ್ತಿಗೆ ಮುರಿಯುತ್ತದೆ. ಹೊಂದಿಸಬೇಕಾದದ್ದು ಎರಡು ಚಿತ್ರಗಳು ಸೇರುವ ಜಾಗದಲ್ಲಿ, ಅಂದರೆ ಕುತ್ತಿಗೆಯ ಬುಡ ಮತ್ತು ಕಾಲರಿನಲ್ಲಿ. ಬೆಸುಗೆಯ ಗೆರೆ ಕುತ್ತಿಗೆಯ ಚರ್ಮದ ನಡುವೆ ಬರಬಾರದು, ಕಾಲರಿನ ಅಂಚಿನಲ್ಲಿ ಅಡಗಬೇಕು. ಮೇಲೆ, ಕೂದಲಿನ ಅಂಚಿನಲ್ಲೇ ಕತ್ತರಿಸದೆ ಕೂದಲಿನಾಚೆಯ ಹಿನ್ನೆಲೆಯನ್ನೂ ಒಂದಿಷ್ಟು ಸೇರಿಸಿಕೊಂಡರೆ, ಎರಡೂ ಫ್ರೇಮಿನಲ್ಲಿ ಗೋಡೆ ಒಂದೇ ಇರುವುದರಿಂದ ಗೆರೆ ಕಾಣುವುದೇ ಇಲ್ಲ. ಒಂದೇ ಟ್ರೈಪಾಡಿನ ಮೇಲೆ ತೆಗೆದ ಫ್ರೇಮುಗಳಲ್ಲಿ ತಲೆಯ ಅಳತೆಯೂ ಒಂದೇ ಇರಬೇಕು. ತಲೆಯನ್ನು ಎದ್ದು ಕಾಣುವಷ್ಟು ಹಿಗ್ಗಿಸಬೇಕಾಗಿ ಬಂದರೆ ಆರಿಸಿದ ಫ್ರೇಮೇ ತಪ್ಪು ಎಂದು ತಿಳಿದು ಬೇರೆ ಫ್ರೇಮ್ ನೋಡಬೇಕು.

ಹೊಸ ತಲೆ ಕೂತ ಮೇಲೆ ಹಳೆಯ ತಲೆ ಎಲ್ಲಾದರೂ ಉಳಿದಿದೆಯೇ ಎಂದು ನೋಡಬೇಕು. ನೆಲದ ಸಾಲಿನ 1-08 ಹುಡುಗನ ತಲೆ ಹಿಂದೆ ಕುಳಿತ ಶಿಕ್ಷಕಿಯ ಸೀರೆಯನ್ನು ಮರೆಮಾಡಿದೆ. F4ರಲ್ಲಿ ಅವನು ತಲೆ ತಗ್ಗಿಸಿದ್ದ, F6ರಲ್ಲಿ ಎತ್ತಿದ್ದಾನೆ, ಅಷ್ಟರಲ್ಲಿ ಸೀರೆಯ ನೆರಿಗೆಯೂ ಒಂಚೂರು ಸರಿದಿದೆ. ಮಾಸ್ಕ್ ಕಡಿಮೆ ಬಳಿದರೆ ಹಳೆಯ ಕಿವಿ ಪಕ್ಕದಲ್ಲಿ ಇಣುಕುತ್ತದೆ, ಹೆಚ್ಚು ಬಳಿದರೆ ಸೀರೆಯ ಅಂಚು ತುಂಡಾಗುತ್ತದೆ. ಹೆಣ್ಣುಮಕ್ಕಳಲ್ಲಿ ಈ ಉಳಿಕೆ ಹೆಚ್ಚು: ಭುಜದ ಮೇಲೆ ಬಿದ್ದ ಜಡೆಯ ತುದಿ, ಒಂದು ಕಡೆಯ ರಿಬ್ಬನ್, ಮೂರನೇ ಓಲೆ. ಹೀಗಾಗಿ "ಚೆನ್ನಾಗಿ ಸೇರಿದೆಯೇ?" ಎಂದು ಕೇಳುವ ಬದಲು ಕಿವಿ, ಜಡೆ, ರಿಬ್ಬನ್, ಓಲೆ ಎಂದು ಹೆಸರಿಟ್ಟು ಕೇಳುವುದು ಒಳ್ಳೆಯದು.

ಮುಂದಿನದು ಬೆಳಕು. ಫ್ಲ್ಯಾಷ್ ಹಾಕಿ ಬೇಗಬೇಗ ಫ್ರೇಮ್ ತೆಗೆದಾಗ ಫ್ಲ್ಯಾಷ್ ಪೂರ್ತಿ ಚಾರ್ಜ್ ಆಗುವಷ್ಟರಲ್ಲೇ ಮುಂದಿನ ಫ್ರೇಮ್ ಬಂದು, ಅದು ತುಸು ಮಬ್ಬಾಗುತ್ತದೆ. ನಮ್ಮ F6 ಹಾಗಾಗಿದೆ, 1-08ರ ಮುಖ ಅವನದೇ ಕೈಗಿಂತ ಕಪ್ಪಾಗಿ ಕಾಣುತ್ತಿದೆ. ಆ ಲೇಯರಿಗಷ್ಟೇ ತಗುಲುವಂತೆ ಒಂದು Curves ಹಾಕಿ ಬೆಳಕು ಏರಿಸಿದರೆ ಸರಿಹೋಗುತ್ತದೆ. ಇದನ್ನು ಪತ್ತೆ ಮಾಡುವ ಸುಲಭ ದಾರಿಯೊಂದಿದೆ. ಎಲ್ಲಕ್ಕಿಂತ ಮೇಲೆ ಎರಡು ತಪಾಸಣೆ ಲೇಯರ್ ಇಟ್ಟುಕೊಳ್ಳುವುದು. ಒಂದು ಇಡೀ ಫೋಟೋವನ್ನು ಕಪ್ಪು ಬಿಳುಪು ಮಾಡುತ್ತದೆ, ಆಗ ಬೆಳಕಿನ ವ್ಯತ್ಯಾಸ ಬಣ್ಣದ ಹಿಂದೆ ಅಡಗಲಾರದು. ಇನ್ನೊಂದು ಕಾಂಟ್ರಾಸ್ಟನ್ನು ವಿಪರೀತ ಏರಿಸುತ್ತದೆ, ಆಗ ಮಾಸ್ಕಿನ ಅಂಚು ಮತ್ತು ಗಲ್ಲದ ಕೆಳಗಿನ ನೆರಳು ಎದ್ದು ಕಾಣುತ್ತವೆ. ಇವನ್ನು ಸ್ಟುಡಿಯೋದ ಖಾಲಿ ಫೈಲಿನಲ್ಲಿ ಒಮ್ಮೆ ಮಾಡಿಟ್ಟರೆ ಪ್ರತಿ ಕೆಲಸಕ್ಕೂ ಎಳೆದು ತರಬಹುದು.

ಎಷ್ಟು ಹತ್ತಿರದಿಂದ ನೋಡಬೇಕು ಎಂಬುದಕ್ಕೂ ಮಿತಿ ಬೇಕು. ಹದಿನಾರು ಜನರ ಸಾಲನ್ನು 12 ಇಂಚು ಅಗಲದ ಪ್ರಿಂಟಿನಲ್ಲಿ ಹಿಡಿಸಿದರೆ ಒಬ್ಬೊಬ್ಬರಿಗೆ ಮುಕ್ಕಾಲು ಇಂಚು ಸಿಗುತ್ತದೆ, ಮುಖ ಸುಮಾರು ಒಂದು ಸೆಂಟಿಮೀಟರ್. ಅದನ್ನು 400 ಶೇಕಡಾ ಝೂಮಿನಲ್ಲಿಟ್ಟು ಒಂದೊಂದು ಕೂದಲು ತಿದ್ದುತ್ತ ಕೂತರೆ ಪ್ರಿಂಟಿನಲ್ಲಿ ಯಾರಿಗೂ ಕಾಣದು. 100 ಶೇಕಡಾದಲ್ಲಿ ಅಂಚು ನೋಡಿ, ಆಮೇಲೆ ಪ್ರಿಂಟ್ ಅಳತೆಯಲ್ಲಿ ಇಡೀ ಫೋಟೋ ನೋಡಿದರೆ ಸಾಕು.

ಲ್ಯಾಬಿಗೆ ಹೋಗುವ ಮುನ್ನ

ಮೂರನೆಯ ನಿಲುಗಡೆಯಲ್ಲಿ ಎಡಿಟ್ ಮಾಡಿದವರ ಬದಲು ಇನ್ನೊಬ್ಬರು ನೋಡಬೇಕು. ತಾನೇ ಮಾಡಿದ ಕೆಲಸದಲ್ಲಿ ತಪ್ಪು ಕಾಣುವುದು ಕಷ್ಟ. ನೋಡುವವರಿಗೆ ಗಟ್ಟಿಯಾದ ಒಂದು ಪರೀಕ್ಷೆ ಇದೆ. ಮೂಲ F4ರ ಒಂದು ಪ್ರತಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಅದರ ಬ್ಲೆಂಡಿಂಗ್ ಮೋಡನ್ನು Difference ಮಾಡಬೇಕು. ಕೆಳಗಿನ ಚಿತ್ರಕ್ಕೂ ಮೇಲಿನ ಚಿತ್ರಕ್ಕೂ ವ್ಯತ್ಯಾಸವಿಲ್ಲದ ಕಡೆ ಪರದೆ ಪೂರ್ತಿ ಕಪ್ಪಾಗುತ್ತದೆ, ಬದಲಾದ ಜಾಗಗಳಷ್ಟೇ ಮಚ್ಚೆಗಳಾಗಿ ಹೊಳೆಯುತ್ತವೆ. ಪಟ್ಟಿಯಲ್ಲಿ ಆರು ತಲೆ ಇದ್ದರೆ ಆರು ಮಚ್ಚೆ ಇರಬೇಕು.

ನಮ್ಮ ಫೋಟೋದಲ್ಲಿ ಏಳು ಹೊಳೆದವು ಎಂದುಕೊಳ್ಳೋಣ. ಏಳನೆಯದು 2-03ರಲ್ಲಿ ಕುಳಿತ ಶಿಕ್ಷಕಿಯ ಸೆರಗಿನ ಮೇಲೆ. `2-05_F5` ಲೇಯರಿನ ಮಾಸ್ಕ್ ಬಳಿಯುವಾಗ ಬ್ರಷ್ ಅಲ್ಲಿಗೂ ತಾಗಿ, ಸೆರಗಿನ ಜರಿ ಎರಡೆರಡಾಗಿ ಕಾಣುತ್ತಿದೆ. ಬರಿಗಣ್ಣಿಗೆ ಇದು ಸಿಗುವುದು ಅಪರೂಪ, ಏಕೆಂದರೆ ನೋಡುವವರು ಮುಖಗಳನ್ನೇ ನೋಡುತ್ತಿರುತ್ತಾರೆ. ಮಾಸ್ಕಿನ ಆ ಜಾಗಕ್ಕೆ ಕಪ್ಪು ಬಳಿದರೆ ಸರಿಹೋಯಿತು. ಈ ಪರೀಕ್ಷೆ ನಡೆಯಬೇಕಾದರೆ ಇಡೀ ಫೋಟೋದ ಬಣ್ಣ, ಕಾಂಟ್ರಾಸ್ಟ್ ತಿದ್ದುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲೇ ತಿದ್ದಿದರೆ ಎಲ್ಲ ಕಡೆಯೂ ವ್ಯತ್ಯಾಸ ಹೊಳೆದು ಏನೂ ತಿಳಿಯುವುದಿಲ್ಲ.

ಆಮೇಲೆ ತಲೆ ಎಣಿಕೆ: 52 ಇರಬೇಕು, ಒಂದೇ ಮುಖ ಎರಡು ಕಡೆ ಇರಬಾರದು. ಕೊನೆಗೆ ಫೋಟೋವನ್ನು ಕನ್ನಡಿಯಲ್ಲಿ ನೋಡಿದಂತೆ ಎಡಬಲ ತಿರುಗಿಸಿ ಒಮ್ಮೆ ನೋಡುವುದು. ದಿನವಿಡೀ ನೋಡಿದ ಚಿತ್ರ ಆಗ ಹೊಸದಾಗಿ ಕಾಣುತ್ತದೆ, ವಾಲಿದ ತಲೆ, ತಪ್ಪು ನೆರಳು ತಟ್ಟನೆ ಕಣ್ಣಿಗೆ ಬೀಳುತ್ತವೆ.

ಇಷ್ಟನ್ನೂ ಒಂದು ಪುಟಕ್ಕೆ ಇಳಿಸಿದರೆ ಹೀಗಾಗುತ್ತದೆ.

ಫೈಲ್ ತೆರೆಯುವ ಮುನ್ನ:
1. ಮುಖ್ಯ ಫ್ರೇಮ್ ಆರಿಸಿ ಅದರ ತಲೆಗಳನ್ನು ಎಣಿಸಿ ಬರೆದಿದೆಯೇ?
2. ಸಾಲು, ಸ್ಥಾನ, ಫ್ರೇಮ್ ಬರೆದ ತಲೆಪಟ್ಟಿ ಸಿದ್ಧವಿದೆಯೇ?
3. ಜಾಗ ಬದಲಿಸಿದವರ ವಿವರ ಫೋಟೋಗ್ರಾಫರಿಂದ ಬಂದಿದೆಯೇ?
4. ಬಳಸುವ ಎಲ್ಲ ಫ್ರೇಮಿಗೂ ಒಂದೇ ಸೆಟ್ಟಿಂಗ್ ಇದೆಯೇ?

ಪ್ರತಿ ತಲೆ ಮುಗಿದಾಗ:
5. ಲೇಯರಿನ ಹೆಸರು ತಲೆಪಟ್ಟಿಯಂತೆಯೇ ಇದೆಯೇ?
6. ಕಾಲರ್, ಟೈ, ಟ್ಯಾಗ್, ಸರ ಎಲ್ಲೂ ಮುರಿಯದೆ ಸಾಗಿವೆಯೇ?
7. ಹಳೆಯ ಕಿವಿ, ಜಡೆ, ರಿಬ್ಬನ್, ಓಲೆ ಪೂರ್ತಿ ಹೋಗಿವೆಯೇ?
8. ಕೆನ್ನೆ, ಕುತ್ತಿಗೆಯ ಬಣ್ಣ ಒಂದೇ ಇದೆಯೇ? ಗಲ್ಲದ ನೆರಳು ಪಕ್ಕದವರಂತೆಯೇ ಬಿದ್ದಿದೆಯೇ?
9. ಮುಖ ಪಕ್ಕದ ಮುಖಗಳಷ್ಟೇ ಶಾರ್ಪ್ ಆಗಿದೆಯೇ?

ಲ್ಯಾಬಿಗೆ ಮುನ್ನ, ಇನ್ನೊಬ್ಬರಿಂದ:
10. Difference ಪರೀಕ್ಷೆಯ ಮಚ್ಚೆಗಳೂ ತಲೆಪಟ್ಟಿಯೂ ಲೆಕ್ಕಕ್ಕೆ ಸರಿಹೋದವೇ?
11. ತಲೆಗಳ ಸಂಖ್ಯೆ ಮೊದಲಿನಷ್ಟೇ ಇದ್ದು, ಪ್ರತಿ ಮುಖವೂ ಒಂದೇ ಕಡೆ ಇದೆಯೇ?
12. ಎಡಬಲ ತಿರುಗಿಸಿ, ಪ್ರಿಂಟ್ ಅಳತೆಯಲ್ಲಿ ನೋಡಿ ಆಯಿತೇ?
13. ತಪಾಸಣೆ ಲೇಯರ್ ಆಫ್ ಮಾಡಿ, ಲೇಯರ್ ಇರುವ ಫೈಲನ್ನು ಬೇರೆಯಾಗಿ ಉಳಿಸಿ ಆಯಿತೇ?

ಪಟ್ಟಿ ಬೆಳೆಯುವುದು ಹೇಗೆ

ಈ ಹದಿಮೂರೂ ಎಲ್ಲ ಸ್ಟುಡಿಯೋಗಳಿಗೂ ಹಾಗೆಹಾಗೇ ಹೊಂದಬೇಕೆಂದಿಲ್ಲ. ಮದುವೆ ಫೋಟೋ ಹೆಚ್ಚಿರುವ ಕಡೆ ಟೈ, ಟ್ಯಾಗಿನ ಜಾಗಕ್ಕೆ ಪೇಟ, ಬಾಸಿಂಗ, ಮಲ್ಲಿಗೆ ದಂಡೆ ಬರುತ್ತವೆ. ಸರಿಯಾದ ಪಟ್ಟಿ ಹುಟ್ಟುವುದು ವಾಪಸ್ ಬಂದ ಕೆಲಸಗಳಿಂದ. ಫೋಟೋ ತಿರುಗಿ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಬೇಕು: ತಪ್ಪು ಏನು, ಅದು ಎಲ್ಲಿ ಕಾಣುತ್ತಿತ್ತು, ಯಾವ ನಿಲುಗಡೆಯಲ್ಲಿ ಹಿಡಿಯಬಹುದಿತ್ತು. ಯಾರು ಮಾಡಿದರು ಎಂದು ಬರೆಯಬಾರದು. ಬರೆದರೆ ಮುಂದಿನ ತಪ್ಪು ನೋಟ್‌ಬುಕ್ಕಿಗೆ ಬರುವುದೇ ಇಲ್ಲ. ಒಂದೇ ತಪ್ಪು ಎರಡು ಸಲ ಬಂದರೆ ಅದು ಪಟ್ಟಿಗೆ ಸೇರಬೇಕು. ಹಾಗೆಯೇ ಒಂದಿಡೀ ಸೀಸನ್‌ನಲ್ಲಿ ಒಂದು ತಪ್ಪನ್ನೂ ಹಿಡಿಯದ ಪ್ರಶ್ನೆಯನ್ನು ತೆಗೆದುಹಾಕಬೇಕು. ಆದರೆ ಜಾಗ ಬದಲಿಸಿದವರ ಪ್ರಶ್ನೆಯನ್ನು ಮಾತ್ರ ಎಂದಿಗೂ ತೆಗೆಯಬಾರದು. ಅದರ ತಪ್ಪು ಅಪರೂಪ, ಆದರೆ ಆದರೆ ಒಂದು ಮಗುವೇ ಫೋಟೋದಿಂದ ಕಾಣೆಯಾಗುತ್ತದೆ. ಪುಟದ ಮೇಲೆ ತಾರೀಖು ಇರಲಿ, ಹಳೆಯ ಪುಟ ಗೋಡೆಯ ಮೇಲೆ ಉಳಿಯದಿರಲಿ.

ಪಟ್ಟಿಯಿಂದ ಆಗದ ಕೆಲಸಗಳೂ ಇವೆ. ಮಾಸ್ಕ್ ಬಳಿಯುವ ಕೈಚಳಕವನ್ನು ಅದು ಕಲಿಸದು. ಅಂದು ಗೈರುಹಾಜರಾದ ಮಗುವಿನ ತಲೆಯನ್ನು ಪಾಸ್‌ಪೋರ್ಟ್ ಫೋಟೋದಿಂದ ತಂದು ಸೇರಿಸಿ ಎಂದು ಶಾಲೆಯವರು ಕೇಳಿದರೆ ಈ ಹದಿಮೂರು ಪ್ರಶ್ನೆಗಳು ಸಾಲುವುದಿಲ್ಲ. ಆ ಫೋಟೋದ ಬೆಳಕು ಬೇರೆ ದಿಕ್ಕಿನದು, ಕ್ಯಾಮೆರಾ ಬೇರೆ ದೂರದಲ್ಲಿತ್ತು, ಮೈಯಂತೂ ಇಲ್ಲವೇ ಇಲ್ಲ. ಅಂಥ ಕೆಲಸವನ್ನು ಶಾಲೆಯ ಲಿಖಿತ ಒಪ್ಪಿಗೆ ಪಡೆದು, ಬೇರೆ ಸಮಯ, ಬೇರೆ ದರ ಇಟ್ಟುಕೊಂಡು ಮಾಡಬೇಕು.

ಸ್ಟುಡಿಯೋ ನಡೆಸುವವರು ಈ ವಾರವೇ ಶುರು ಮಾಡಬಹುದು. ಕಳೆದ ಸೀಸನ್ನಿನಲ್ಲಿ ತಿರುಗಿ ಬಂದ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದರ ತಪ್ಪಿಗೂ ಒಂದು ಪ್ರಶ್ನೆ ಬರೆಯಿರಿ. ಆ ಪ್ರಶ್ನೆ ಓದಿದವರಿಗೆ ಫೋಟೋದ ಯಾವ ಜಾಗ ನೋಡಬೇಕೆಂದು ತಿಳಿಯದಿದ್ದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಗೋಡೆಗೆ ಅಂಟಿಸುವ ಮುನ್ನ ಅಂಗಡಿಯಲ್ಲಿ ಎಲ್ಲರಿಗಿಂತ ಹೊಸಬರಾದ ಎಡಿಟರ್ ಕೈಗೆ ಕೊಟ್ಟು ಒಂದು ತರಗತಿಯ ಫೋಟೋ ಮಾಡಿಸಿ ನೋಡಿ. ಅವರು ನಿಮ್ಮನ್ನು ಏನೂ ಕೇಳದೆ ಮುಗಿಸಿದರೆ ನಿಮ್ಮ ಪಟ್ಟಿ ಸಿದ್ಧವಾಗಿದೆ.